ಮನೆಯ ಗಾಯಗಳಿಗೆ ಡ್ರೆಸಿಂಗ್ ಸಾಮಗ್ರಿಗಳ ಆಯ್ಕೆ

ಗಾಯದ ಡ್ರೆಸಿಂಗ್ ಎಂದರೆ ಗಾಯಕ್ಕೆ ನೇರವಾಗಿ ತಾಗುವಂತೆ ಇರಿಸುವ ಹೊದಿಕೆ. ಬೆಂಗಳೂರಿನ ಆರ್.ಟಿ. ನಗರದಂತಹ ಬಡಾವಣೆಗಳ ಔಷಧಿ ಅಂಗಡಿಗಳಲ್ಲಿ ಹತ್ತಿ, ಗಾಜ್ ಬಟ್ಟೆ ಮತ್ತು ಅಂಟುಪಟ್ಟಿಗಳು (ಬಳಕೆಯಲ್ಲಿ 'ಬ್ಯಾಂಡೇಡ್') ಸುಲಭವಾಗಿ ದೊರೆಯುತ್ತವೆ. ಹೈಡ್ರೋಕಲಾಯ್ಡ್ ಪಟ್ಟಿಯು ಇವುಗಳಿಗಿಂತ ದುಬಾರಿ. ಗಾಯದಿಂದ ಒಸರುವ ದ್ರವ ಎಷ್ಟು, ಹೊದಿಕೆ ಗಾಯಕ್ಕೆ ಅಂಟಿಕೊಳ್ಳುವುದೇ ಎಂಬ ಎರಡು ಅಂಶಗಳು ಆಯ್ಕೆಯನ್ನು ನಿರ್ಧರಿಸುತ್ತವೆ.

ದ್ವಿಚಕ್ರ ವಾಹನದಿಂದ ಬಿದ್ದು ಮೊಣಕಾಲಿನ ಚರ್ಮ ತರಚಿದ ಸಂದರ್ಭವನ್ನು ಉದಾಹರಣೆಯಾಗಿ ನೋಡಬಹುದು. ಮೊದಲು ಕೈತೊಳೆದು, ಹರಿಯುವ ಶುದ್ಧ ನೀರಿನಲ್ಲಿ ಮರಳು ಹೋಗುವವರೆಗೆ ಗಾಯವನ್ನು ತೊಳೆಯಬೇಕು. ರಕ್ತ ಬರುತ್ತಿದ್ದರೆ ಗಾಜ್ ಮಡಿಕೆಯನ್ನು ಇರಿಸಿ, ನಡುವೆ ಎತ್ತಿ ನೋಡದೆ, ಸುಮಾರು 10 ನಿಮಿಷ ಒತ್ತಿ ಹಿಡಿಯಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಹತ್ತಿಯನ್ನು ನೇರವಾಗಿ ಇಡುವುದು. ಹತ್ತಿಯ ಬಿಡಿ ಎಳೆಗಳು ಒಸರಿನೊಂದಿಗೆ ಒಣಗಿ ಗಾಯದೊಳಗೆ ಸಿಕ್ಕಿಕೊಳ್ಳುತ್ತವೆ. ಹತ್ತಿಗೆ ಸರಿಯಾದ ಜಾಗ ಗಾಜ್‌ನ ಮೇಲ್ಭಾಗ: ಮೆತ್ತೆಯಾಗಿಯೂ ಹೀರುವ ಪದರವಾಗಿಯೂ ಅದು ಉಪಯುಕ್ತ. ಎರಡು ಗಾಜ್ ಪದರಗಳ ನಡುವೆ ಹತ್ತಿಯನ್ನಿಡುವ ಗ್ಯಾಮ್‌ಜಿ ಮೆತ್ತೆ 1880ರ ಸುಮಾರಿನದು.

ಒಣ ಗಾಜ್ ಕೂಡ ಅಂಟುತ್ತದೆ. ಅದನ್ನು ಕಿತ್ತಾಗ ಹೊಸದಾಗಿ ಬೆಳೆದ ಚರ್ಮವೂ ಕಿತ್ತು ಬರುವುದರಿಂದ ಗಾಯ ಮತ್ತೆ ರಕ್ತ ಸುರಿಸುತ್ತದೆ. ಕೆಳಗೆ ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ ಸವರಿದರೆ ಈ ತೊಂದರೆ ಕಡಿಮೆ. ಅಂಟಿದ್ದರೆ ನೀರಿನಲ್ಲಿ ನೆನೆಸಿ ಬಿಡಿಸಬೇಕು.

ಗಾಯ ಒಣಗಿ ಹಕ್ಕಳೆ ಕಟ್ಟಬೇಕೆಂಬುದು ರೂಢಿಯ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವಾಗಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. ಹೈಡ್ರೋಕಲಾಯ್ಡ್ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಅದರಲ್ಲಿರುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಂತಹ ವಸ್ತುಗಳು ಒಸರನ್ನು ಹೀರಿ ಲೋಳೆಯಾಗುತ್ತವೆ, ಗಾಯಕ್ಕೆ ಅಂಟುವುದಿಲ್ಲ. ಮೊಣಕಾಲಿನ ಶುಚಿಯಾದ, ಮಿತವಾಗಿ ಒಸರುವ ತರಚುಗಾಯಕ್ಕೆ ಇದು ಸೂಕ್ತ. ಸುತ್ತಲಿನ ಒಣ ಚರ್ಮದ ಮೇಲೆ 2 ಸೆಂಟಿಮೀಟರ್‌ನಷ್ಟು ಹರಡುವ ಪಟ್ಟಿಯನ್ನು ಆರಿಸಿ, ಅಂಚಿನಿಂದ ಸೋರುವವರೆಗೆ, ಸಾಮಾನ್ಯವಾಗಿ 3ರಿಂದ 7 ದಿನ, ಬಿಡಬಹುದು. ತೆಗೆದಾಗ ಕಾಣುವ ಹಳದಿ ಲೋಳೆಗೆ ತುಸು ವಾಸನೆ ಇರುತ್ತದೆ. ಅದನ್ನು ಕೀವೆಂದು ಭಾವಿಸುವವರು ಹಲವರು. ತೊಳೆದ ಮೇಲೂ ಕೀವು ಬರುವುದು, ಸುತ್ತಲಿನ ಕೆಂಪು ಹರಡುವುದು, ನೋವು ಹೆಚ್ಚುವುದು, ಜ್ವರ ಬರುವುದು ಸೋಂಕಿನ ಲಕ್ಷಣಗಳು. ಸೋಂಕಿರುವ ಗಾಯವನ್ನು ಹೈಡ್ರೋಕಲಾಯ್ಡ್‌ನಿಂದ ಮುಚ್ಚಬಾರದು, ವೈದ್ಯರಿಗೆ ತೋರಿಸಬೇಕು.

ತರಕಾರಿ ಹೆಚ್ಚುವಾಗ ಬೆರಳಿಗಾದ ಸಣ್ಣ ಕೊಯ್ತಕ್ಕೆ ಅಂಟುಪಟ್ಟಿಯೇ ಸಾಕು. ಮೆತ್ತೆ ಗಾಯಕ್ಕಿಂತ ದೊಡ್ಡದಿರಬೇಕು, ಅಂಟು ಗಾಯವನ್ನು ತಾಗಬಾರದು. ಒದ್ದೆಯಾದ ಕೂಡಲೇ ಅಥವಾ ದಿನಕ್ಕೊಮ್ಮೆ ಬದಲಿಸಬೇಕು. ಬೆರಳ ಸುತ್ತ ಬಿಗಿಯಾಗಿ ಸುತ್ತಿದರೆ ತುದಿ ನೀಲಿಗಟ್ಟಿ ಮರಗಟ್ಟುತ್ತದೆ.

ನಾಯಿ ಕಡಿತದ ಗಾಯಕ್ಕೆ ಇವು ಯಾವುವೂ ಮೊದಲ ಉಪಚಾರವಲ್ಲ: ಸೋಪು ಮತ್ತು ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಳವಾದ ಗಾಯ ಹಾಗೂ ಮಧುಮೇಹಿಗಳ ಪಾದದ ಗಾಯಗಳಿಗೂ ಮನೆಯ ಡ್ರೆಸಿಂಗ್ ಸಾಲದು.