ಕಣ್ಣೆದುರಿದ್ದರೆ ಗಟ್ಟಿ, ನೆನಪಿನಿಂದ ಹೇಳಿದರೆ ಜೋಕೆ

2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಒಂದು ಸಾಧಾರಣ ದಾವೆ ನಡೆಯುತ್ತಿತ್ತು. ವಿಮಾನದಲ್ಲಿ ತಿಂಡಿ ಹಂಚುವ ಲೋಹದ ಗಾಡಿ ಮೊಣಕಾಲಿಗೆ ಬಡಿದು ಪೆಟ್ಟಾಯಿತು ಎಂದು ಪ್ರಯಾಣಿಕರೊಬ್ಬರು ಏವಿಯಾಂಕಾ ಎಂಬ ವಿಮಾನ ಸಂಸ್ಥೆಯ ಮೇಲೆ ಹೂಡಿದ್ದ ದಾವೆ ಅದು. ಅವರ ಪರ ವಕೀಲರು ತಮ್ಮ ವಾದಕ್ಕೆ ಬೆಂಬಲವಾಗಿ ಹಿಂದಿನ ಕೆಲವು ತೀರ್ಪುಗಳನ್ನು ಉಲ್ಲೇಖಿಸಿದರು. ಅವುಗಳಲ್ಲೊಂದು ‘ವರ್ಗೀಸ್ ವಿರುದ್ಧ ಚೈನಾ ಸದರ್ನ್ ಏರ್‌ಲೈನ್ಸ್’. ಎದುರು ಪಕ್ಷದ ವಕೀಲರು ಎಷ್ಟು ಹುಡುಕಿದರೂ ಆ ತೀರ್ಪು ಸಿಗಲಿಲ್ಲ. ಸಿಗುವುದಕ್ಕೆ ಅಂಥ ಮೊಕದ್ದಮೆಯೇ ನಡೆದಿರಲಿಲ್ಲ. ತೀರ್ಪುಗಳನ್ನು ಒದಗಿಸಿದ್ದು ಚಾಟ್‌ಜಿಪಿಟಿ. ಇವು ನಿಜವಾದ ಪ್ರಕರಣಗಳೇ ಎಂದು ವಕೀಲರು ಅದನ್ನೇ ಕೇಳಿದ್ದರು, ಹೌದು ಎಂಬ ಉತ್ತರವೂ ಬಂದಿತ್ತು. ಜೂನ್ ತಿಂಗಳಲ್ಲಿ ನ್ಯಾಯಾಧೀಶರು ವಕೀಲರಿಗೆ 5,000 ಡಾಲರ್ ದಂಡ ಹಾಕಿದರು.

ಯಂತ್ರ ಆ ದಿನ ಕೆಟ್ಟುಹೋಗಿತ್ತು ಅಂದುಕೊಳ್ಳುವುದು ಸುಲಭ. ಆದರೆ ಅದು ದಿನಾಲೂ ಮಾಡುವ ಕೆಲಸವನ್ನೇ ಅಂದೂ ಮಾಡಿತ್ತು. ಸೊಗಸಾದ ಪತ್ರ ಬರೆದುಕೊಡುವ ಮತ್ತು ಇಲ್ಲದ ತೀರ್ಪನ್ನು ಹುಟ್ಟಿಸುವ ಎರಡೂ ಕೆಲಸಗಳ ಹಿಂದೆ ಇರುವುದು ಒಂದೇ ಬಗೆಯ ಲೆಕ್ಕಾಚಾರ.

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಇವುಗಳ ಒಡಲಲ್ಲಿರುವುದನ್ನು ಲಾರ್ಜ್ ಲ್ಯಾಂಗ್ವೇಜ್ ಮಾಡೆಲ್, ಬೃಹತ್ ಭಾಷಾ ಮಾದರಿ ಎನ್ನುತ್ತಾರೆ. ಅದು ಮಾಡುವುದೇನು? ಈ ಸಾಲನ್ನು ನೋಡಿ: ‘ಸಂಜೆ ಜೋರು ಮಳೆ ಬಂದು ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಯೆಲ್ಲ…’. ಮುಂದಿನ ಪದ ನಿಮ್ಮ ಮನಸ್ಸಿಗೆ ಆಗಲೇ ಬಂದಿರುತ್ತದೆ. ‘ನೆನೆದುಹೋಯಿತು’ ಇರಬಹುದು, ‘ತೊಯ್ದುಹೋಯಿತು’ ಇರಬಹುದು, ‘ಒಣಗಿತು’ ಖಂಡಿತ ಅಲ್ಲ. ಮಾದರಿಯೂ ಹೀಗೆಯೇ, ಮುಂದೆ ಬರಬಹುದಾದ ಪ್ರತಿಯೊಂದು ತುಣುಕಿಗೂ ಇಷ್ಟಿಷ್ಟು ಸಾಧ್ಯತೆ ಎಂದು ಅಂಕ ಕೊಡುತ್ತದೆ, ಹೆಚ್ಚು ಅಂಕದವುಗಳಲ್ಲಿ ಒಂದನ್ನು ಆರಿಸಿ ಸಾಲಿಗೆ ಸೇರಿಸುತ್ತದೆ, ಉದ್ದವಾದ ಆ ಸಾಲನ್ನು ಪೂರ್ತಿ ಮತ್ತೆ ಗಮನಕ್ಕೆ ತೆಗೆದುಕೊಂಡು ಮುಂದಿನ ತುಣುಕಿಗೆ ಹೋಗುತ್ತದೆ. ನಾಲ್ಕು ಪುಟದ ಉತ್ತರವೂ ಹೀಗೆ ತುಣುಕು ತುಣುಕಾಗಿಯೇ ಬೆಳೆಯುತ್ತದೆ. ಆರಿಸುವಾಗ ಸ್ವಲ್ಪ ಅದೃಷ್ಟದಾಟವೂ ಸೇರಿರುವುದರಿಂದ ಒಂದೇ ಪ್ರಶ್ನೆಗೆ ಎರಡು ಸಲ ಬೇರೆ ಬೇರೆ ಮಾತಿನಲ್ಲಿ ಉತ್ತರ ಬರುತ್ತದೆ.

ಈ ಅಂಕ ಕೊಡುವ ವಿದ್ಯೆಯನ್ನು ಅದಕ್ಕೆ ಯಾರೂ ವ್ಯಾಕರಣ ಹೇಳಿ ಕಲಿಸಿಲ್ಲ. ಅಪಾರ ಬರಹವನ್ನು ಅದರ ಮುಂದಿಟ್ಟು, ಮುಂದಿನ ತುಣುಕನ್ನು ಮುಚ್ಚಿಟ್ಟು ಊಹಿಸಲು ಬಿಡುತ್ತಾರೆ. ಊಹೆ ತಪ್ಪಿದಷ್ಟಕ್ಕೆ ತಕ್ಕಂತೆ ಮಾದರಿಯೊಳಗಿನ ಸಂಖ್ಯೆಗಳನ್ನು ಕಂಪ್ಯೂಟರು ಒಂದಿಷ್ಟೇ ಇಷ್ಟು ತಿದ್ದುತ್ತದೆ. 2020ರಲ್ಲಿ ಬಂದ ಜಿಪಿಟಿ-3ರಲ್ಲಿ ಇಂಥ ಸಂಖ್ಯೆಗಳು 17,500 ಕೋಟಿ ಇದ್ದವು. ಕಲಿಯುವಾಗ ಅದು ಹಾದುಹೋದ ತುಣುಕುಗಳು ಸುಮಾರು 30,000 ಕೋಟಿ. ಇದನ್ನು ಸಾಧ್ಯವಾಗಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿನ್ಯಾಸವನ್ನು ಗೂಗಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದರು. ಆಮೇಲೆ ಮನುಷ್ಯರು ಇಂಥ ಉತ್ತರ ಚೆನ್ನ, ಇಂಥದ್ದು ಬೇಡ ಎಂದು ತೂಗಿ ಹೇಳಿದ್ದನ್ನು ಬಳಸಿ ಪ್ರಶ್ನೆಗೆ ಉತ್ತರ ಕೊಡುವ ರೂಢಿಯನ್ನೂ ಕಲಿಸುತ್ತಾರೆ. ಇದೆಲ್ಲ ಮುಗಿದ ಮೇಲೆ ಮಾದರಿಯ ಬಳಿ ಉಳಿಯುವುದು ಆ ಸಂಖ್ಯೆಗಳಷ್ಟೇ. ಓದಿದ ಪುಸ್ತಕ, ತೀರ್ಪು, ಪತ್ರಿಕೆ ಯಾವುದನ್ನೂ ಅದು ಹಾಳೆ ತಿರುವಿ ನೋಡುವಂತಿಲ್ಲ.

ಹಾಗಿದ್ದರೆ ಅದಕ್ಕೆ ಇಷ್ಟೆಲ್ಲ ಸಂಗತಿ ಹೇಗೆ ಗೊತ್ತು? ಕುವೆಂಪು, ಜ್ಞಾನಪೀಠ, 1967 ಈ ಮೂರೂ ಒಟ್ಟಿಗೆ ಲೆಕ್ಕವಿಲ್ಲದಷ್ಟು ಕಡೆ ಬಂದಿವೆ. ಆದ್ದರಿಂದ ‘ಕುವೆಂಪು ಅವರಿಗೆ ಯಾವ ವರ್ಷದ ಜ್ಞಾನಪೀಠ?’ ಎಂದರೆ 1967ಕ್ಕೆ ಬಲವಾದ ಅಂಕ ಬೀಳುತ್ತದೆ, ಉತ್ತರ ಸರಿಯಾಗಿರುತ್ತದೆ. ಈಗ ನಿಮ್ಮ ತಾಲ್ಲೂಕಿನ ಮೊದಲ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಯಾರು, ಯಾವ ವರ್ಷ ಎಂದು ಕೇಳಿ. ಅದು ಎಲ್ಲೋ ಒಂದು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿರಬಹುದು, ಅಂತರ್ಜಾಲಕ್ಕೆ ಬಂದಿರದೇ ಇರಬಹುದು. ಆದರೂ ವಾಕ್ಯದಲ್ಲಿ ಹೆಸರು ಬರಬೇಕಾದ ಜಾಗವೊಂದಿದೆ, ಇಸವಿ ಬರಬೇಕಾದ ಜಾಗವೊಂದಿದೆ. ಆ ಭಾಗದ ಸಾಹಿತಿಗಳಿಗೆ ಇರಬಹುದಾದಂಥ ಹೆಸರೂ ಸಮ್ಮೇಳನ ನಡೆದಿರಬಹುದಾದಂಥ ಇಸವಿಯೂ ಬಂದು ಕೂರುತ್ತವೆ. ‘ಗೊತ್ತಿಲ್ಲ’ ಎನ್ನುವುದನ್ನು ಹೊಸ ಮಾದರಿಗಳಿಗೆ ಹೆಚ್ಚು ಹೆಚ್ಚಾಗಿ ಕಲಿಸುತ್ತಿದ್ದಾರೆ, ಆದರೆ ಅದು ಪೂರ್ತಿ ಮೈಗೂಡಿಲ್ಲ. ಎಲ್ಲಕ್ಕಿಂತ ತೊಂದರೆಯ ವಿಷಯವೆಂದರೆ, 1967 ಎಂದು ಬರೆದಷ್ಟೇ ನಿರಾತಂಕವಾಗಿ ಈ ಊಹೆಯನ್ನೂ ಅದು ಬರೆಯುತ್ತದೆ. ದನಿ ಕೇಳಿ ಎರಡರ ವ್ಯತ್ಯಾಸ ಹಿಡಿಯಲಾಗದು.

ನ್ಯೂಯಾರ್ಕಿನಲ್ಲಿ ಆದದ್ದೂ ಇದೇ. ತೀರ್ಪಿನ ಉಲ್ಲೇಖಕ್ಕೆ ಒಂದು ಅಚ್ಚುಕಟ್ಟಾದ ರೂಪವಿದೆ: ಒಬ್ಬರ ಹೆಸರು, ‘ವಿರುದ್ಧ’, ಒಂದು ಸಂಸ್ಥೆ, ಸಂಪುಟ, ಪುಟ, ನ್ಯಾಯಾಲಯ, ವರ್ಷ. ಆ ರೂಪ ಮಾದರಿಗೆ ಕರಗತ. ನಿರ್ದಿಷ್ಟವಾದ ಒಂದು ತೀರ್ಪು ಇದೆಯೋ ಇಲ್ಲವೋ ಎಂಬುದು ಬೇರೆಯೇ ವಿಚಾರ, ಅದನ್ನು ನೋಡಿ ಹೇಳಲು ಆಗ ಅದರ ಬಳಿ ಯಾವ ಕಡತವೂ ಇರಲಿಲ್ಲ. ‘ನಿಜವೇ?’ ಎಂಬ ಪ್ರಶ್ನೆಗೂ ಅದು ಮುಂದಿನ ಪದವನ್ನೇ ಊಹಿಸಿತು. ಪುಸ್ತಕದ ಹೆಸರು, ಪುಟ ಸಂಖ್ಯೆ, ಕಾನೂನಿನ ಕಲಂ, ಔಷಧದ ಪ್ರಮಾಣ, ಅಂತರ್ಜಾಲದ ಕೊಂಡಿ, ಯಾರೋ ಹೇಳಿದರೆನ್ನುವ ಮಾತು, ಇವೆಲ್ಲ ಇದೇ ಬಗೆಯ ಅಪಾಯದ ಜಾಗಗಳು: ರೂಪ ಸುಲಭ, ವಿವರ ವಿರಳ.

ಇದೇ ಯಂತ್ರಕ್ಕೆ ಬರಹವನ್ನು ಕಣ್ಣೆದುರು ಕೊಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ. ನೀವು ಅಂಟಿಸಿದ ಬರಹ ಪೂರ್ತಿಯಾಗಿ ಆ ಸಾಲಿನ ಭಾಗವಾಗುವುದರಿಂದ, ಪ್ರತಿ ತುಣುಕನ್ನು ಆರಿಸುವಾಗಲೂ ಅದು ಲೆಕ್ಕಕ್ಕೆ ಬರುತ್ತದೆ. ಹನಿ ನೀರಾವರಿ ಸಹಾಯಧನದ ಬಗ್ಗೆ ಮೂರು ಪುಟದ ಸುತ್ತೋಲೆಯೊಂದು ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ‘ಸೂಚಿಸಲಾಗಿದೆ’ ಎಂದು ಮುಗಿಯುವ ಹೊತ್ತಿಗೆ ಓದುಗ ದಣಿದಿರುತ್ತಾನೆ. ಇದನ್ನು ರೈತರಿಗೆ ತಿಳಿಯುವ ಆಡುಮಾತಿನಲ್ಲಿ ಹತ್ತು ಸಾಲಿಗೆ ಇಳಿಸು ಎಂದರೆ ಮಾದರಿ ಬಹಳ ಚೆನ್ನಾಗಿ ಇಳಿಸುತ್ತದೆ. ಯಾವ ದಾಖಲೆ ಬೇಕು, ಎಲ್ಲಿ ಕೊಡಬೇಕು, ಕೊನೆಯ ದಿನ ಯಾವುದು ಎಂದು ಬೇರ್ಪಡಿಸಿ ಕೊಡುತ್ತದೆ. ಅನುವಾದ, ಉದ್ದದ ಬರಹವನ್ನು ಚಿಕ್ಕದು ಮಾಡುವುದು, ಒರಟಾದ ಪತ್ರವನ್ನು ಮರ್ಯಾದೆಯ ಭಾಷೆಗೆ ತರುವುದು, ನೂರು ದೂರುಗಳನ್ನು ವಿಷಯವಾರು ವಿಂಗಡಿಸುವುದು ಇವೆಲ್ಲ ಇದೇ ಜಾತಿಯವು. ನನ್ನ ಮಟ್ಟಿಗೆ ಈ ತಂತ್ರಜ್ಞಾನದ ನಿಜವಾದ ಕಸುಬು ಇಲ್ಲೇ ಇದೆ.

ಇಲ್ಲೂ ತಪ್ಪುತ್ತದೆ, ಆದರೆ ತಪ್ಪುವ ಜಾಗ ಗೊತ್ತಿರುವಂಥದ್ದು. ಆ ಸುತ್ತೋಲೆಯಲ್ಲಿ ‘ಹಿಂದಿನ ಐದು ವರ್ಷಗಳಲ್ಲಿ ಇದೇ ಸರ್ವೆ ನಂಬರಿಗೆ ಸಹಾಯಧನ ಪಡೆದವರನ್ನು ಹೊರತುಪಡಿಸಿ, ಉಳಿದ ಸಣ್ಣ ರೈತರು ಅರ್ಹರು’ ಎಂದಿದ್ದರೆ, ಸಾರಾಂಶದಲ್ಲಿ ‘ಸಣ್ಣ ರೈತರು ಅರ್ಜಿ ಹಾಕಬಹುದು’ ಎಂದು ಮಾತ್ರ ಉಳಿಯಬಹುದು. ಇಂಥ ಸುತ್ತೋಲೆಗಳಲ್ಲಿ ಸಾಮಾನ್ಯವಾಗಿ ಬರುವ ಮಾತು ಉಳಿಯಿತು, ಈ ಸುತ್ತೋಲೆಗೆ ಮಾತ್ರ ಸೇರಿದ ಷರತ್ತು ಹಾರಿಹೋಯಿತು. ಆದ್ದರಿಂದ ಸಾರಾಂಶ ಕೈಗೆ ಬಂದ ಮೇಲೆ ಮೂಲದಲ್ಲಿ ‘ಹೊರತುಪಡಿಸಿ’, ‘ಮಾತ್ರ’, ‘ಆದರೆ’ ಎಂದಿರುವ ಸಾಲುಗಳನ್ನೂ ಅಂಕಿ-ದಿನಾಂಕಗಳನ್ನೂ ಒಂದೊಂದಾಗಿ ಹಿಡಿದು ಸಾರಾಂಶದಲ್ಲಿ ಹುಡುಕಬೇಕು. ಮೂರು ಪುಟಕ್ಕೆ ಐದು ನಿಮಿಷದ ಕೆಲಸ.

ಇನ್ನೊಂದು ಬಗೆಯ ಸೋಲು ನಮ್ಮ ಲಿಪಿಯಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಮಾದರಿಗೆ ಅಕ್ಷರ ಕಾಣುವುದಿಲ್ಲ. ಬರಹವನ್ನು ಮೊದಲು ‘ಟೋಕನ್’ ಎಂಬ ತುಣುಕುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಗಳನ್ನು ಒಳಗೆ ಬಿಡುತ್ತಾರೆ. ‘ಕರ್ನಾಟಕ’ ಎಂಬ ಪದ ನಮಗೆ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ಅರ್ಧಾಕ್ಷರದ ಗುರುತು, ದೀರ್ಘ ಎಲ್ಲ ಬಿಡಿಸಿದರೆ ಏಳು ಸಂಕೇತ, ಕಂಪ್ಯೂಟರಿನಲ್ಲಿ ಅದು ಕೂರುವುದು 21 ಬೈಟುಗಳಲ್ಲಿ. ಹಳೆಯ ಮಾದರಿಗಳಲ್ಲಿ ಕನ್ನಡದ ಒಂದೊಂದು ಅಕ್ಷರವೇ ಎರಡು ಮೂರು ಟೋಕನ್ ಆಗಿ ಒಡೆಯುತ್ತಿತ್ತು. ಹೊಸವು ದೊಡ್ಡ ತುಣುಕುಗಳನ್ನು ಹಿಡಿಯುತ್ತವೆ, ಆದರೂ ಕತ್ತರಿ ಬೀಳುವ ಜಾಗ ನಮ್ಮ ಕಾಗುಣಿತಕ್ಕೆ ಹೊಂದಿಕೊಂಡೇ ಇರಬೇಕೆಂದಿಲ್ಲ.

ಹೀಗಿರುವಾಗ ಅದಕ್ಕೆ ಕಂದಪದ್ಯ ಬರೆಯಲು ಹೇಳಿದರೆ ಏನಾಗುತ್ತದೆ? ಕಂದಕ್ಕೆ ಒಂದನೆಯ ಮತ್ತು ಮೂರನೆಯ ಸಾಲಿನಲ್ಲಿ 12 ಮಾತ್ರೆ, ಎರಡು ಮತ್ತು ನಾಲ್ಕರಲ್ಲಿ 20 ಮಾತ್ರೆ ಬೇಕು. ಜೊತೆಗೆ ಎರಡನೆಯ ಅಕ್ಷರ ಪ್ರಾಸ. ‘ಕರ್ನಾಟಕ’ವನ್ನೇ ಎಣಿಸಿ: ಮೊದಲ ‘ಕ’ ಹ್ರಸ್ವವಾದರೂ ಮುಂದೆ ಒತ್ತಕ್ಷರ ಇರುವುದರಿಂದ ಗುರು, ಎರಡು ಮಾತ್ರೆ. ‘ರ್ನಾ’ ದೀರ್ಘ, ಎರಡು. ‘ಟ’, ‘ಕ’ ಒಂದೊಂದು. ಒಟ್ಟು ಆರು. ಹೈಸ್ಕೂಲಿನ ಹುಡುಗಿ ಪ್ರಸ್ತಾರ ಹಾಕಿ ಕ್ಷಣದಲ್ಲಿ ಹೇಳುವ ಈ ಲೆಕ್ಕಕ್ಕೆ ಅಕ್ಷರವನ್ನೂ ಅದರ ಮುಂದಿನ ಅಕ್ಷರವನ್ನೂ ನೋಡಬೇಕು, ಮಾದರಿಗೆ ಎರಡೂ ನೇರವಾಗಿ ದಕ್ಕುವುದಿಲ್ಲ. ಹೀಗಾಗಿ ಹಳಗನ್ನಡದ ಧಾಟಿ, ನಾಲ್ಕು ಸಾಲಿನ ಆಕಾರ, ಗಂಭೀರ ಪದಗಳು ಎಲ್ಲ ಬಂದರೂ, ಎಣಿಸಿದರೆ ಸಾಲಿಗೆ ಒಂದೆರಡು ಮಾತ್ರೆ ಹೆಚ್ಚು ಕಡಿಮೆ ಆಗಿರುವುದು ಸಾಮಾನ್ಯ. ಛಂದಸ್ಸು ಸರಿಯಿದೆ ಎಂದು ಅದು ಕೆಳಗೆ ಬರೆದುಕೊಂಡಿದ್ದರೂ ಪೆನ್ನು ಹಿಡಿದು ಪ್ರಸ್ತಾರ ಹಾಕುವವರೆಗೆ ನಂಬುವಂತಿಲ್ಲ.

ದೊಡ್ಡ ಗುಣಾಕಾರದ ಕತೆಯೂ ಹತ್ತಿರ ಹತ್ತಿರ ಇದೇ. 4738ನ್ನು 6294ರಿಂದ ಗುಣಿಸಿದರೆ 2,98,20,972. ನೇರವಾಗಿ ಉತ್ತರ ಬರೆ ಎಂದಾಗ ಮಾದರಿಗಳು ಮೊದಲ ಒಂದೆರಡು ಅಂಕಿಗಳನ್ನು ಅಂದಾಜಿನಿಂದ ಹಿಡಿಯುತ್ತವೆ, ಕೊನೆಯ 2 ಕೂಡ 8 ನಾಲ್ಕಲಿ 32ರಿಂದ ಸಿಕ್ಕಿಬಿಡುತ್ತದೆ. ಎಡವುವುದು ಕೈಲೆಕ್ಕ ಹೊತ್ತು ಸಾಗಬೇಕಾದ ನಡುವಿನ ಅಂಕಿಗಳಲ್ಲಿ. ಹಂತ ಹಂತವಾಗಿ ಬರೆಸಿದರೆ ಸುಧಾರಿಸುತ್ತದೆ, ಏಕೆಂದರೆ ಬರೆದ ಪ್ರತಿ ಹಂತವೂ ಕಣ್ಣೆದುರಿನ ಬರಹವಾಗುತ್ತದೆ. ಇನ್ನೂ ಭದ್ರವಾದ ದಾರಿಯೆಂದರೆ ಚಿಕ್ಕದೊಂದು ಪ್ರೋಗ್ರಾಂ ಬರೆಸಿ ಅದನ್ನು ಓಡಿಸುವುದು. ಪ್ರೋಗ್ರಾಂ ಬರೆಯುವುದು ಭಾಷೆಯ ಕೆಲಸ, ಅದು ಮಾದರಿಗೆ ಚೆನ್ನಾಗಿ ಬರುತ್ತದೆ. ಗುಣಿಸುವುದು ಕಂಪ್ಯೂಟರಿನ ಕೆಲಸ. ಈಗಿನ ಹಲವು ಸೇವೆಗಳು ಹಿನ್ನೆಲೆಯಲ್ಲಿ ಹೀಗೆಯೇ ಮಾಡುತ್ತವೆ. ಮಾತ್ರೆ ಎಣಿಕೆಯನ್ನೂ ಈ ರೀತಿ ಮಾಡಿಸಬಹುದು.

ಅಂತರ್ಜಾಲದಲ್ಲಿ ಹುಡುಕಿ ಉತ್ತರಿಸುವ ವ್ಯವಸ್ಥೆ ಬಂದಿರುವುದೂ ಇದೇ ಕಾರಣಕ್ಕೆ. ಹುಡುಕಿ ಸಿಕ್ಕ ಪುಟವನ್ನು ಮಾದರಿಯ ಮುಂದೆ ಇಟ್ಟರೆ, ನೆನಪಿನ ಪ್ರಶ್ನೆ ಓದಿನ ಪ್ರಶ್ನೆಯಾಗುತ್ತದೆ. ಆಗ ನಾವು ನೋಡಬೇಕಾದ್ದು, ಅದು ಕೊಟ್ಟ ಕೊಂಡಿ ತೆರೆಯುತ್ತದೆಯೇ, ತೆರೆದ ಪುಟದಲ್ಲಿ ಆ ಮಾತು ನಿಜಕ್ಕೂ ಇದೆಯೇ ಎಂಬುದನ್ನು. ಕೊಂಡಿ ನಿಜವಾಗಿದ್ದು ಅದರಲ್ಲಿ ಬೇರೆಯೇ ಮಾತು ಇರುವುದೂ ಉಂಟು.

ಹುಡುಕಾಟದ ಸೌಲಭ್ಯ ಇಲ್ಲದಿದ್ದಾಗ ಇನ್ನೊಂದು ಪರೀಕ್ಷೆ ಮಾಡಬಹುದು. ಅದೇ ಪ್ರಶ್ನೆಯನ್ನು ಹೊಸದಾಗಿ ಆರಂಭಿಸಿದ ಸಂಭಾಷಣೆಗಳಲ್ಲಿ ಮೂರು ನಾಲ್ಕು ಸಲ ಕೇಳಿ. ಹೆಸರೂ ಇಸವಿಯೂ ಪ್ರತಿ ಸಲ ಬದಲಾದರೆ ಅಲ್ಲಿರುವುದು ಊಹೆ ಎಂದು ತಿಳಿಯಬಹುದು. ಬದಲಾಗದಿದ್ದರೆ ಸರಿಯಿರುವ ಸಂಭವ ಹೆಚ್ಚು, ಅಷ್ಟೇ. ಹಲವು ಕಡೆ ತಪ್ಪಾಗಿಯೇ ಅಚ್ಚಾಗಿ, ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿದ ಇಸವಿಯನ್ನು ಮಾದರಿ ಪ್ರತಿ ಸಲವೂ ಒಂದೇ ರೀತಿ ಹೇಳುತ್ತದೆ. ಅಂಥದ್ದನ್ನು ತಿದ್ದಲು ಗ್ರಂಥಾಲಯದಲ್ಲಿರುವ ಆ ಸ್ಮರಣ ಸಂಚಿಕೆಯನ್ನೇ ತೆಗೆಯಬೇಕು.