ಸೂರ್ಯನನ್ನು ಅನುಸರಿಸುವ ಫಲಕ

ಸೂರ್ಯನು ಪೂರ್ವದಿಂದ ಪಶ್ಚಿಮಕ್ಕೆ ಗಂಟೆಗೆ ಸುಮಾರು 15 ಡಿಗ್ರಿಗಳಂತೆ ಸಾಗುವಂತೆ ಕಾಣುತ್ತಾನೆ. ಅಲುಗದಂತೆ ನಿಲ್ಲಿಸಿದ ಸೌರಫಲಕದ ಮೇಲೆ ಮಧ್ಯಾಹ್ನದ ಕಿರಣಗಳು ನೇರವಾಗಿ ಬಿದ್ದರೂ ಬೆಳಗು ಸಂಜೆಗಳ ಕಿರಣಗಳು ಓರೆಯಾಗಿ ಬೀಳುತ್ತವೆ. ಕಿರಣವು 60 ಡಿಗ್ರಿಗಳಷ್ಟು ಓರೆಯಾದರೆ ಫಲಕಕ್ಕೆ ದೊರೆಯುವ ನೇರ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಫಲಕವನ್ನೇ ಸೂರ್ಯನತ್ತ ತಿರುಗಿಸುತ್ತಿದ್ದರೆ ಈ ನಷ್ಟವು ತಪ್ಪುತ್ತದೆ.

5 ವಾಟಿನ ಪುಟ್ಟ ಫಲಕವೊಂದಕ್ಕೆ ಇಂತಹ ಏರ್ಪಾಡನ್ನು ಮಾಡುವುದು ಕಷ್ಟವಲ್ಲ. ಫಲಕದ ಅಂಚಿನಲ್ಲಿ ಎರಡು ಬೆಳಕಿನ ಸಂವೇದಕಗಳನ್ನು ಕೂರಿಸಿ, ಅವುಗಳ ನಡುವೆ ಒಂದು ತೆಳುವಾದ ಅಡ್ಡಗೋಡೆಯನ್ನು ನಿಲ್ಲಿಸಬೇಕು. ಸೂರ್ಯನು ಪಶ್ಚಿಮಕ್ಕೆ ಸರಿದೊಡನೆ ಗೋಡೆಯ ನೆರಳು ಪೂರ್ವದ ಸಂವೇದಕದ ಮೇಲೆ ಬೀಳುತ್ತದೆ. ಸಂವೇದಕದ ವಿದ್ಯುತ್ ರೋಧವು ಬೆಳಕು ಹೆಚ್ಚಿದಂತೆ ಕುಗ್ಗುತ್ತದೆ. ಮೈಕ್ರೋಕಂಟ್ರೋಲರ್ ಎಂಬ ಬಿಲ್ಲೆಯು ಈ ಬದಲಾವಣೆಯನ್ನು 0ಯಿಂದ 1023ರ ವರೆಗಿನ ಅಂಕಗಳಾಗಿ ಓದುತ್ತದೆ. ಯಾವ ಕಡೆಯ ಅಂಕವು ಹೆಚ್ಚೋ ಆ ಕಡೆಗೆ ಸರ್ವೋ ಮೋಟಾರು ಫಲಕವನ್ನು ಒಂದೊಂದು ಡಿಗ್ರಿಯಂತೆ ತಿರುಗಿಸುತ್ತದೆ. ಬಿಸಿಲು ನೇರವಾಗಿ ಬಿದ್ದರೆ ಅಂಕಗಳು ಮಿತಿಮುಟ್ಟಿ ಎರಡೂ ಒಂದೇ ಆಗಿ ಕಾಣುವುದರಿಂದ, ಸಂವೇದಕಗಳಿಗೆ ಬಿಳಿಯ ಮಬ್ಬು ಪ್ಲಾಸ್ಟಿಕ್ಕಿನ ಮುಚ್ಚಳವನ್ನು ಹಾಕುವುದು ವಾಡಿಕೆ.

ಆದರೆ ‘ಹೆಚ್ಚು ಬೆಳಕಿದ್ದತ್ತ ತಿರುಗು’ ಎಂಬ ಒಂದೇ ನಿಯಮವು ಸಾಲದು. ಎರಡು ಅಂಕಗಳು ಸರಿಸಮನಾಗುವುದು ಅಪರೂಪ. ಆದ್ದರಿಂದ ಫಲಕವು ಒಂದು ಡಿಗ್ರಿ ಪಶ್ಚಿಮಕ್ಕೆ ಹೋಗಿ, ಗುರಿಯನ್ನು ದಾಟಿ, ಮತ್ತೆ ಪೂರ್ವಕ್ಕೆ ಬಂದು, ನಿಲ್ಲದೆ ತೊನೆಯುತ್ತದೆ. ತಂತ್ರಜ್ಞರು ಇದನ್ನು ಹಂಟಿಂಗ್ ಎನ್ನುತ್ತಾರೆ, ಕನ್ನಡದಲ್ಲಿ ತಡಕಾಟವೆನ್ನಬಹುದು. ಮಧ್ಯಾಹ್ನದ ನಂತರ ಸೂರ್ಯನನ್ನು ನಿಜವಾಗಿ ಅನುಸರಿಸುವ ಫಲಕವು ಪಶ್ಚಿಮಕ್ಕೆ ಮಾತ್ರ ಹೊರಳಬೇಕು. ಅದು ಮತ್ತೆ ಮತ್ತೆ ಪೂರ್ವಕ್ಕೂ ಹೊರಳುತ್ತಿದ್ದರೆ ತಡಕಾಟವಿದೆಯೆಂದು ತಿಳಿಯಬೇಕು.

ಇದಕ್ಕೆ ಪರಿಹಾರವೆಂದರೆ ಸಣ್ಣ ವ್ಯತ್ಯಾಸವನ್ನು ಲೆಕ್ಕಿಸದಿರುವುದು. ಬಿಸಿಲಿನಲ್ಲಿ ಫಲಕವು ಒಂದು ಡಿಗ್ರಿ ತಿರುಗಿದರೆ ಎರಡು ಅಂಕಗಳ ವ್ಯತ್ಯಾಸವು ಸುಮಾರು 10ರಷ್ಟು ಬದಲಾಗುವುದೆಂದು ಇಟ್ಟುಕೊಳ್ಳೋಣ. ಆಗ ವ್ಯತ್ಯಾಸವು 40 ಆಗುವವರೆಗೆ ಮೋಟಾರು ಸುಮ್ಮನಿರಲಿ. ಒಮ್ಮೆ ಹೊರಟ ಮೇಲೆ ವ್ಯತ್ಯಾಸವು 15ಕ್ಕಿಂತ ಕಡಿಮೆಯಾದಾಗ ನಿಲ್ಲಲಿ. 40, 30, 20, 10 ಎಂದು ಇಳಿದು ಮೂರು ಹೆಜ್ಜೆಗಳಲ್ಲಿ ಅದು ನಿಲ್ಲುತ್ತದೆ. ಸೂರ್ಯನು ಇನ್ನೂ 3 ಡಿಗ್ರಿ ಸರಿಯುವವರೆಗೆ, ಅಂದರೆ ಸುಮಾರು 12 ನಿಮಿಷಗಳವರೆಗೆ, ಅದಕ್ಕೆ ಕೆಲಸವಿಲ್ಲ. ಹೊರಡುವ ಮಿತಿಯೂ ನಿಲ್ಲುವ ಮಿತಿಯೂ ಬೇರೆಬೇರೆಯಾಗಿರುವುದೇ ಇಲ್ಲಿನ ಗುಟ್ಟು. ಫಲಕವು 4 ಡಿಗ್ರಿ ಓರೆಯಾಗಿದ್ದರೂ ನಷ್ಟವಾಗುವ ಬೆಳಕು ನೂರರಲ್ಲಿ ಕಾಲು ಭಾಗ ಮಾತ್ರ.

ಮುಸ್ಸಂಜೆಯಲ್ಲಿ ಈ ಪರಿಹಾರವೂ ಸೋಲುತ್ತದೆ. ಸೂರ್ಯನು ಮುಳುಗಿದ ಮೇಲೆ ನೇರ ಕಿರಣವಿಲ್ಲ. ಅಡ್ಡಗೋಡೆಗೆ ನೆರಳೂ ಇಲ್ಲ. ಆಕಾಶವೆಲ್ಲ ಹರಡಿದ ಮಂದ ಬೆಳಕು ಎರಡು ಸಂವೇದಕಗಳ ಮೇಲೂ ಬೀಳುತ್ತದೆ. ಒಂದೇ ಬಗೆಯ ಸಂವೇದಕಗಳಾದರೂ ಅವುಗಳ ಗುಣವು ಪೂರ್ಣವಾಗಿ ಸಮನಾಗಿರುವುದಿಲ್ಲ. ಒಂದು 160 ಎಂದೂ ಮತ್ತೊಂದು 110 ಎಂದೂ ತೋರಿಸಬಹುದು. ವ್ಯತ್ಯಾಸವು 50 ಆದ್ದರಿಂದ ಮೋಟಾರು ಹೊರಡುತ್ತದೆ. ಆದರೆ ಎಷ್ಟು ತಿರುಗಿದರೂ ವ್ಯತ್ಯಾಸವು ಕುಗ್ಗದು, ಏಕೆಂದರೆ ಅದು ಸೂರ್ಯನಿಂದ ಬಂದುದಲ್ಲ. ಒಮ್ಮೆ ಹೊಳೆಯುವ ಮೋಡದತ್ತ, ಒಮ್ಮೆ ಹೊತ್ತಿಕೊಂಡ ಬೀದಿದೀಪದತ್ತ ಫಲಕವು ಹೊರಳುತ್ತಲೇ ಇರುತ್ತದೆ. ತಿರುಗುವಾಗ ಸಣ್ಣ ಮೋಟಾರು 5 ವೋಲ್ಟಿನಲ್ಲಿ 200 ಮಿಲಿ ಆಂಪಿಯರ್ ಎಳೆದರೆ ಅದು ಒಂದು ವಾಟು ಶಕ್ತಿ. ಆ ಹೊತ್ತಿನಲ್ಲಿ ಫಲಕವು ಕೊಡುವುದು ಅದರ ಹತ್ತನೆಯ ಒಂದು ಭಾಗವೂ ಅಲ್ಲ. ಹಗಲೆಲ್ಲ ಬ್ಯಾಟರಿಯಲ್ಲಿ ಕೂಡಿಟ್ಟದ್ದನ್ನು ಮೋಟಾರು ವ್ಯರ್ಥವಾಗಿ ಕರಗಿಸುತ್ತದೆ.

ಆದುದರಿಂದ ವ್ಯತ್ಯಾಸವನ್ನು ನೋಡುವ ಮೊದಲು ಎರಡು ಅಂಕಗಳ ಮೊತ್ತವನ್ನು ನೋಡಬೇಕು. ಮೊತ್ತವು 300ಕ್ಕಿಂತ ಕೆಳಗಿಳಿದು ಐದು ನಿಮಿಷ ಹಾಗೆಯೇ ಉಳಿದರೆ ಮೋಟಾರು ನಿಲ್ಲಲಿ. ಮೇಲಿನ ಉದಾಹರಣೆಯಲ್ಲಿ ಮೊತ್ತವು 270 ಮಾತ್ರ. ಆದ್ದರಿಂದ ಅಲ್ಲಿ ತಡಕಾಟಕ್ಕೆ ಎಡೆಯಿಲ್ಲ. ಮತ್ತೆ ಕೆಲಸವನ್ನು ತೊಡಗಲು ಮೊತ್ತವು 400ನ್ನು ದಾಟಬೇಕು. ಎರಡೂ ಮಿತಿಗಳು ಒಂದೇ ಆದರೆ 299, 301 ಎಂದು ಬೆಳಕು ಅಲುಗಿದಾಗಲೆಲ್ಲ ಯಂತ್ರವು ಮಲಗಿ ಏಳುತ್ತಿರುತ್ತದೆ. ಸಂವೇದಕಗಳು ಬೇರೆಯಾದರೆ ಈ ಅಂಕಗಳೂ ಬೇರೆ. ಒಂದು ಸಂಜೆ ಸೂರ್ಯಾಸ್ತದ ಹೊತ್ತಿನಲ್ಲಿ ಅಂಕಗಳನ್ನು ಬರೆದುಕೊಂಡು ಮಿತಿಗಳನ್ನು ಗೊತ್ತುಮಾಡಬೇಕು.

ಇನ್ನೊಂದು ಕೆಲಸ ಉಳಿಯಿತು. ಪಶ್ಚಿಮಕ್ಕೆ ಮುಖಮಾಡಿ ನಿಂತ ಫಲಕಕ್ಕೆ ಮರುದಿನದ ಸೂರ್ಯನು ಬೆನ್ನ ಹಿಂದೆ ಮೂಡುತ್ತಾನೆ. ಆಗ ಸಂವೇದಕಗಳೆರಡೂ ನೆರಳಿನಲ್ಲಿರುತ್ತವೆ. ಆದ್ದರಿಂದ ನಿಂತು ಅರ್ಧ ಗಂಟೆ ಕಳೆದರೂ ಬೆಳಕು ಮರಳದಿದ್ದರೆ, ಫಲಕವು ಒಂದೇ ಸಲ ಪೂರ್ವಕ್ಕೆ ತಿರುಗಿ ಬೆಳಗಿನ ಕಿರಣಕ್ಕಾಗಿ ಕಾದಿರಬೇಕು.