ಸೊನ್ನೆಯ ಮೇಲೆ ಸೊನ್ನೆ ಬಂದಾಗ

(x² − 9)/(x − 3) ಎಂಬ ಭಿನ್ನರಾಶಿಯಲ್ಲಿ x ಇರುವಲ್ಲಿ 3 ಹಾಕಿ ನೋಡಿ. ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಇದಕ್ಕೆ ಸೊನ್ನೆ ಎನ್ನುವವರುಂಟು, ಒಂದು ಎನ್ನುವವರೂ ಉಂಟು. ಎರಡೂ ಆತುರದ ಉತ್ತರ. 0/0 ಎಂಬುದು ಉತ್ತರವೇ ಅಲ್ಲ. ಅಂಶ ಮತ್ತು ಛೇದ ಎರಡನ್ನೂ ಸೊನ್ನೆಯಾಗಿಸುವ ಒಂದೇ ಅಪವರ್ತನ ಎರಡರಲ್ಲೂ ಅಡಗಿ ಕೂತಿದೆ ಎಂಬ ಸುಳಿವು.

ಇಲ್ಲಿ ಅದು (x − 3). ಅಂಶವನ್ನು (x − 3)(x + 3) ಎಂದು ಬಿಡಿಸಿದರೆ ಮೇಲಿನದೂ ಕೆಳಗಿನದೂ ಹೊಡೆದುಹೋಗಿ x + 3 ಉಳಿಯುತ್ತದೆ. ಮಿತಿ 6. ಸೊನ್ನೆಯಿಂದ ಭಾಗಿಸಿದಂತಾಗಲಿಲ್ಲವೇ ಎಂದರೆ, ಇಲ್ಲ. ಮಿತಿಯಲ್ಲಿ x ಮೂರರ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಮೂರೇ ಆಗುವುದಿಲ್ಲ. ಹಾಗಾಗಿ (x − 3) ಎಷ್ಟೇ ಚಿಕ್ಕದಾದರೂ ಸೊನ್ನೆಯಲ್ಲ.

ವರ್ಗಮೂಲ ಬಂದಾಗ ಆ ಅಪವರ್ತನ ಕಣ್ಣಿಗೆ ಬೀಳುವುದಿಲ್ಲ. x ನಾಲ್ಕನ್ನು ಸಮೀಪಿಸುವಾಗ (√(x+5) − 3)/(x − 4) ಏನಾಗುತ್ತದೆ? ಮತ್ತೆ 0/0. ಈಗ ಅಕರಣೀಕರಣ ಬೇಕು: ಚಿಹ್ನೆ ಬದಲಿಸಿದ ಜೋಡಿಯಾದ √(x+5) + 3 ರಿಂದ ಮೇಲೆ ಕೆಳಗೆ ಗುಣಿಸುವುದು. ಅಂಶ (x + 5) − 9, ಅಂದರೆ x − 4 ಆಗುತ್ತದೆ. ಕಳ್ಳ ಸಿಕ್ಕಿದ! ಹೊಡೆದುಹಾಕಿದರೆ ಉಳಿಯುವುದು 1/(√(x+5) + 3); x = 4 ಹಾಕಿದರೆ 1/6, ಸುಮಾರು 0.1667. ನಂಬಿಕೆಯಾಗದಿದ್ದರೆ ಕ್ಯಾಲ್ಕುಲೇಟರಿನಲ್ಲಿ x = 4.1 ಹಾಕಿ: 0.1662. ಆ ಕಡೆಯಿಂದ 3.9 ಹಾಕಿದರೆ 0.1671. ಉತ್ತರ ಇವೆರಡರ ನಡುವೆ ಇದೆ.

ಮೂರನೆಯದು ಅವಕಲನದ ದಾರಿ: ಅಂಶವನ್ನೂ ಛೇದವನ್ನೂ ಬೇರೆಬೇರೆಯಾಗಿ ಅವಕಲಿಸಿ, ಆಮೇಲೆ ಬೆಲೆ ಹಾಕುವುದು. ಮೇಲೆ 1/(2√(x+5)), ಕೆಳಗೆ 1. x = 4 ಆದಾಗ ಅದೇ 1/6. ಇದಕ್ಕೆ ಫ್ರಾನ್ಸಿನ ಲೋಪಿತಾಲ್‌ನ ಹೆಸರಿದೆ. 1696ರಲ್ಲಿ ಅವನ ಪುಸ್ತಕದಲ್ಲಿ ಅಚ್ಚಾಯಿತು. ಕಂಡುಹಿಡಿದವನು ಮಾತ್ರ ಅವನಿಂದ ಸಂಬಳ ಪಡೆದು ಪಾಠ ಹೇಳಿಕೊಡುತ್ತಿದ್ದ ಯೋಹಾನ್ ಬರ್ನೌಲಿ. ಹೆಸರು ಹಣ ಕೊಟ್ಟವನಿಗೇ ಹೋಯಿತು.

ಈ ನಿಯಮ ನಡೆಯುವುದೇಕೆ? ನಾಲ್ಕರ ತೀರಾ ಹತ್ತಿರದಲ್ಲಿ ಅಂಶವೂ ಛೇದವೂ ಹೆಚ್ಚುಕಡಿಮೆ ‘ತನ್ನ ಇಳಿಜಾರು × (x − 4)’ ಎಂಬಂತೆ ವರ್ತಿಸುತ್ತವೆ. ಆ (x − 4) ಇಲ್ಲೂ ಹೊಡೆದುಹೋಗಿ ಇಳಿಜಾರುಗಳ ಅನುಪಾತವಷ್ಟೇ ಉಳಿಯುತ್ತದೆ. ಅಂದರೆ ಬೇಟೆ ಹಳೆಯದೇ, ಅಪವರ್ತನವನ್ನು ಬಿಡಿಸುವ ಶ್ರಮ ಮಾತ್ರ ಉಳಿಯಿತು.

ಸುಲಭವಾಗಿರುವುದರಿಂದಲೇ ಇದು ಹೆಚ್ಚು ತಪ್ಪು ಮಾಡಿಸುತ್ತದೆ. ಕೆಲವರು ಇಡೀ ಭಿನ್ನರಾಶಿಗೆ ಭಾಗಾಕಾರದ ನಿಯಮ ಹಚ್ಚುತ್ತಾರೆ. ಇನ್ನು ಕೆಲವರು 0/0 ಬಂದಿದೆಯೇ ಎಂದು ನೋಡುವುದೇ ಇಲ್ಲ. x ಒಂದನ್ನು ಸಮೀಪಿಸುವಾಗ (2x + 1)/(x + 2) ರ ಮಿತಿ ನೇರವಾಗಿ 3/3, ಅಂದರೆ 1. ಕಣ್ಣುಮುಚ್ಚಿ ಅವಕಲಿಸಿದರೆ 2 ಬರುತ್ತದೆ. ಹಾಗಾಗಿ ಮೊದಲು ಬೆಲೆ ಹಾಕಿ ನೋಡಬೇಕು. ಒಮ್ಮೆ ಅವಕಲಿಸಿದ ಮೇಲೂ 0/0 ಉಳಿದಿದ್ದರೆ ಮಾತ್ರ ಇನ್ನೊಮ್ಮೆ ಅವಕಲಿಸಬೇಕು.